ಹತ್ತು ಮಂದಿಯ ನಿದ್ದೆ, ಒಂದು ಪ್ಯಾರಾ

ಈ ಪ್ಯಾರಾವನ್ನು ಒಮ್ಮೆ ಓದಿ ನೋಡಿ. ತಲೆಗೆ ಹತ್ತದಿದ್ದರೆ ಬೇಸರ ಬೇಡ, ತಪ್ಪು ನಿಮ್ಮದಲ್ಲ.

"ಪೇರ್ಡ್ ಟಿ-ಟೆಸ್ಟ್ ನಡೆಸಲಾಗಿ, ಎರಡು ಔಷಧಗಳ ನಡುವೆ (t = -4.062128, p < 0.05, CI = -2.4598858 - -0.7001142) ಅತ್ಯಂತ ಸಿಗ್ನಿಫಿಕೆಂಟ್ ಆದ ವ್ಯತ್ಯಾಸವು ಕಂಡುಬಂದಿರುತ್ತದೆ. ಒಂದನೆಯ ಔಷಧವು ನಿದ್ದೆಯ ಮೇಲೆ ಯಾವುದೇ ಪರಿಣಾಮ ಬೀರುವುದಿಲ್ಲ (p = 0.218) ಎಂಬುದು ಹಾಗೂ ಎರಡನೆಯ ಔಷಧವು ಸಿಗ್ನಿಫಿಕೆಂಟ್ ಪರಿಣಾಮ ಬೀರುತ್ತದೆ (p = 0.005) ಎಂಬುದು ಸಾಬೀತಾಗಿದ್ದು, ಎಫೆಕ್ಟ್ ಸೈಜ್ (d = 1.28) ದೊಡ್ಡದಾಗಿರುವುದರಿಂದ ಎರಡನೆಯ ಔಷಧವೇ ಉತ್ತಮವೆಂದು ತೀರ್ಮಾನಿಸಲಾಗಿದೆ."

ಪ್ಯಾರಾ ಕಟ್ಟಿದ್ದು ನಾನೇ, ಸಂಶೋಧನಾ ಪ್ರಬಂಧಗಳ ಧಾಟಿಯಲ್ಲಿ. ಆದರೆ ಅದರೊಳಗಿನ ಸಂಖ್ಯೆಗಳು ಕಟ್ಟಿದ್ದಲ್ಲ. ಅವು ಸಂಖ್ಯಾಶಾಸ್ತ್ರದ ಅತಿ ಹೆಸರುವಾಸಿ ಲೆಕ್ಕವೊಂದರಿಂದ ಬಂದವು. ಲೆಕ್ಕದಲ್ಲಿ ಒಂದೂ ತಪ್ಪಿಲ್ಲ ಎಂಬುದನ್ನು ಗಮನಿಸಿ. ಕಂಪ್ಯೂಟರ್ ಕೊಟ್ಟಿದ್ದನ್ನು ಬರೆದವರು ಸರಿಯಾಗಿಯೇ ನಕಲು ಮಾಡಿದ್ದಾರೆ. ಆದರೂ ಓದಿ ಮುಗಿಸಿದವರಿಗೆ ಮುಖ್ಯವಾದ ಒಂದು ಸಂಗತಿ ಸಿಗುವುದಿಲ್ಲ: ಎರಡನೆಯ ಔಷಧ ತೆಗೆದುಕೊಂಡರೆ ಎಷ್ಟು ಹೊತ್ತು ಹೆಚ್ಚು ನಿದ್ದೆ ಬರುತ್ತದೆ? ಅದು ಸಾಲದೆಂಬಂತೆ, ನಡುವಿನ ಒಂದು ವಾಕ್ಯ ಓದುಗರನ್ನು ನೇರವಾಗಿ ದಾರಿ ತಪ್ಪಿಸುತ್ತದೆ. ಈ ಪ್ಯಾರಾವನ್ನು ಬಿಚ್ಚಿ ಮತ್ತೆ ಕಟ್ಟುವುದು ಈ ಲೇಖನದ ಕೆಲಸ.

ಮೊದಲು ಸಂಖ್ಯೆಗಳು ಎಲ್ಲಿಂದ ಬಂದವು ಎಂಬುದು. ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ಊರಿನ ಮಾನಸಿಕ ಆಸ್ಪತ್ರೆಯಲ್ಲಿದ್ದ ರೋಗಿಗಳಿಗೆ ನಿದ್ದೆಯ ಔಷಧಗಳನ್ನು ಕೊಟ್ಟು, ಅವರು ಎಷ್ಟು ಹೊತ್ತು ಮಲಗಿದರು ಎಂದು ಬರೆದಿಟ್ಟಿದ್ದರು. ಕುಶ್ನಿ ಮತ್ತು ಪೀಬಲ್ಸ್ ಎಂಬ ಇಬ್ಬರು 1905ರಲ್ಲಿ ಅದನ್ನು ಪ್ರಕಟಿಸಿದರು. ಮೂರು ವರ್ಷದ ನಂತರ, 1908ರಲ್ಲಿ, ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಸೀಲಿ ಗಾಸೆಟ್ 'ಬಯೊಮೆಟ್ರಿಕಾ' ಪತ್ರಿಕೆಗೆ ಬರೆದ ಲೇಖನದಲ್ಲಿ ಅದನ್ನು ಉದಾಹರಣೆಯಾಗಿ ಬಳಸಿದರು. ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಕಂಪನಿ ಬಿಡುತ್ತಿರಲಿಲ್ಲ. ಹಾಗಾಗಿ ಲೇಖನ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬಂತು. ಇಂದು ಪದವಿ ತರಗತಿಗಳಲ್ಲಿ ಕಲಿಸುವ ಸ್ಟೂಡೆಂಟ್‌ನ ಟಿ-ಟೆಸ್ಟ್ ಹುಟ್ಟಿದ್ದು ಅಲ್ಲಿ.

ಪಟ್ಟಿಯಲ್ಲಿ ಇರುವುದು ಹತ್ತೇ ರೋಗಿಗಳು. ಪ್ರತಿಯೊಬ್ಬರಿಗೂ ಎರಡೂ ಔಷಧಗಳನ್ನು ಬೇರೆ ಬೇರೆ ರಾತ್ರಿ ಕೊಟ್ಟಿದ್ದಾರೆ. ಔಷಧವಿಲ್ಲದ ರಾತ್ರಿಗಳಿಗಿಂತ ಎಷ್ಟು ಗಂಟೆ ಹೆಚ್ಚು ಮಲಗಿದರು ಎಂಬುದು ಒಬ್ಬೊಬ್ಬರ ಮುಂದೆ ಎರಡೆರಡು ಸಂಖ್ಯೆಗಳಾಗಿ ಇದೆ. ಎರಡನೆಯ ಔಷಧದ ಸಂಖ್ಯೆಯಿಂದ ಒಂದನೆಯದನ್ನು ಕಳೆದರೆ ಹತ್ತು ವ್ಯತ್ಯಾಸಗಳು ಸಿಗುತ್ತವೆ: 1.2, 2.4, 1.3, 1.3, 0, 1.0, 1.8, 0.8, 4.6, 1.4. ಇವುಗಳ ಸರಾಸರಿ 1.58 ಗಂಟೆ, ಅಂದರೆ ಸುಮಾರು ಒಂದು ಗಂಟೆ ಮೂವತ್ತೈದು ನಿಮಿಷ. ಹತ್ತರಲ್ಲಿ ಒಂಬತ್ತು ಮಂದಿಗೆ ಎರಡನೆಯ ಔಷಧದಿಂದ ಹೆಚ್ಚು ನಿದ್ದೆ, ಒಬ್ಬರಿಗೆ ಎರಡೂ ಒಂದೇ. ಪ್ರಯೋಗದ ಫಲಿತಾಂಶವೆಂದರೆ ಇಷ್ಟೇ. ಮೇಲಿನ ಪ್ಯಾರಾದಲ್ಲಿ ಹುಡುಕಿ ನೋಡಿ, 1.58 ಎಂಬ ಸಂಖ್ಯೆಯೇ ಇಲ್ಲ. ಗಂಟೆ ಎಂಬ ಪದವೂ ಇಲ್ಲ.

ಇದೇ ಪಟ್ಟಿ 'ಆರ್' ಎಂಬ ಉಚಿತ ಸಂಖ್ಯಾಶಾಸ್ತ್ರ ತಂತ್ರಾಂಶದ ಜೊತೆಗೇ `sleep` ಎಂಬ ಹೆಸರಿನಲ್ಲಿ ಬರುತ್ತದೆ. ಇಷ್ಟವಿದ್ದವರು ಈ ಸಾಲನ್ನು ಒತ್ತಿ ನೋಡಬಹುದು:

```
with(sleep, t.test(extra[group == 2], extra[group == 1], paired = TRUE))
```

ಈಗ ಪ್ಯಾರಾಕ್ಕೆ ಬರೋಣ. ಅದರ ಮೊದಲ ತೊಂದರೆ ಸಂಖ್ಯಾಶಾಸ್ತ್ರದ್ದಲ್ಲ, ಕನ್ನಡದ್ದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಏನಾಯಿತು ಎಂಬುದು ಗೊತ್ತಾಗುವುದು ವಾಕ್ಯದ ಬಾಲದಲ್ಲಿ. 'ಎರಡು ಔಷಧಗಳ ನಡುವೆ' ಎಂದು ಶುರು ಮಾಡಿ, ಅಲ್ಲೇ ಒಂದು ಆವರಣ ತೆರೆದು ನಾಲ್ಕು ಸಂಖ್ಯೆ ತುರುಕಿದರೆ, 'ವ್ಯತ್ಯಾಸವು ಕಂಡುಬಂದಿರುತ್ತದೆ' ಎನ್ನುವ ಹೊತ್ತಿಗೆ ಯಾವುದರ ನಡುವೆ ಎಂಬುದೇ ಓದುಗರಿಗೆ ಮರೆತುಹೋಗಿರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬಂದುಹೋಗುವುದರಿಂದ ನಡುವಿನ ಆವರಣ ಅಷ್ಟು ಕಾಡುವುದಿಲ್ಲ. ಆ ಅಚ್ಚನ್ನು ಕನ್ನಡಕ್ಕೆ ಹಾಗೇ ಎತ್ತಿ ತಂದರೆ ಕಾಡುತ್ತದೆ. ಕನ್ನಡದಲ್ಲಿ ವಾಕ್ಯವನ್ನು ಪೂರ್ತಿ ಹೇಳಿ ಮುಗಿಸಿ, ಕ್ರಿಯಾಪದ ಬಂದಮೇಲೆ, ಪೂರ್ಣವಿರಾಮಕ್ಕೆ ಮುಂಚೆ ಆವರಣ ಹಾಕುವುದು ಒಳ್ಳೆಯದು. ಆವರಣವನ್ನು ಕಣ್ಣು ಮುಚ್ಚಿ ದಾಟಿದವರಿಗೂ ವಾಕ್ಯ ಅರ್ಥವಾಗಬೇಕು. 'ನಡೆಸಲಾಗಿ', 'ಕಂಡುಬಂದಿರುತ್ತದೆ' ಎಂಬ ಕಚೇರಿ ಕನ್ನಡವನ್ನೂ ಬಿಡಬಹುದು. ರೋಗಿಗಳು ಮಲಗಿದರು ಎಂದರೆ ಸಾಕು.

ಎರಡನೆಯದು ದಿಕ್ಕು. -4.06 ಎಂಬಲ್ಲಿ ಮೈನಸ್ ಗುರುತು ಯಾಕೆ ಬಂತು? ಕಂಪ್ಯೂಟರ್ ಒಂದನೆಯ ಔಷಧದಿಂದ ಎರಡನೆಯದನ್ನು ಕಳೆಯಿತು, ಅಷ್ಟೇ. ಕಳೆಯುವ ಕ್ರಮ ತಿರುವಿದರೆ ಗುರುತೂ ತಿರುಗುತ್ತದೆ. ನನ್ನ ಮೇಲಿನ ಸಾಲಿನಲ್ಲಿ ಹಾಗೆ ತಿರುವಿದ್ದರಿಂದಲೇ ಉತ್ತರ ಪ್ಲಸ್ ಆಗಿ ಬರುತ್ತದೆ. 'ಇದಕ್ಕಿಂತ ಅದು ಇಷ್ಟು ಹೆಚ್ಚು' ಎಂದು ಮಾತಿನಲ್ಲಿ ಹೇಳಿಬಿಟ್ಟರೆ ಮೈನಸ್ ಬೇಕಾಗುವುದೇ ಇಲ್ಲ. ಇಂಟರ್ವಲ್ಲಿನ ಎರಡು ತುದಿಗಳ ನಡುವೆ ಅಡ್ಡಗೆರೆ ಎಳೆಯುವ ಅಭ್ಯಾಸವಂತೂ ಮೈನಸ್ ಸಂಖ್ಯೆಗಳಿದ್ದಾಗ ಅನಾಹುತ. 'CI = -2.4598858 - -0.7001142' ಎಂಬುದರಲ್ಲಿ ಯಾವ ಗೆರೆ ಮೈನಸ್, ಯಾವುದು 'ವರೆಗೆ'? ಕನ್ನಡದಲ್ಲಿ 'ರಿಂದ' ಎಂಬ ಪ್ರತ್ಯಯ ಇದೆ, ಬಳಸೋಣ: 0.70 ರಿಂದ 2.46 ಗಂಟೆ.

ದಶಮಾಂಶಗಳ ಉದ್ದದ ಬಗ್ಗೆ ಒಂದು ಮಾತು. ಏಳು ಸ್ಥಾನ ಬರೆದರೆ ನಿಖರವಾಗಿ ಕಾಣುತ್ತದೆ ಎಂದು ಹಲವರ ಎಣಿಕೆ. ಗಂಟೆಯಲ್ಲಿ ಏಳನೆಯ ದಶಮಾಂಶ ಎಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಮೂಲ ಪಟ್ಟಿಯಲ್ಲಿ ನಿದ್ದೆಯನ್ನು ಬರೆದಿರುವುದು ಗಂಟೆಯ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ, ಅಂದರೆ ಆರು ನಿಮಿಷದ ಮೆಟ್ಟಿಲಿನಲ್ಲಿ. ಆರು ನಿಮಿಷಕ್ಕಿಂತ ಸೂಕ್ಷ್ಮವಾಗಿ ಅಳೆಯದ ನಿದ್ದೆಯಿಂದ ಮಿಲಿಸೆಕೆಂಡ್ ಹುಟ್ಟುವುದಿಲ್ಲ. ಸರಾಸರಿಗೂ ಇಂಟರ್ವಲ್ಲಿಗೂ ಎರಡು ದಶಮಾಂಶ ಧಾರಾಳವಾಯಿತು.

ಈಗ ಟಿ ಮೌಲ್ಯ. ಸರಾಸರಿ ವ್ಯತ್ಯಾಸವನ್ನು ಅದರ ಅಂದಾಜಿನಲ್ಲಿರುವ ಅಲುಗಾಟದಿಂದ ಭಾಗಿಸಿದರೆ ಟಿ ಸಿಗುತ್ತದೆ. ಇಲ್ಲಿ ಹತ್ತು ವ್ಯತ್ಯಾಸಗಳ ಮಾನಕ ವಿಚಲನೆ 1.23 ಗಂಟೆ. ಅದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 0.39. 1.58 ಅನ್ನು 0.39 ರಿಂದ ಭಾಗಿಸಿದಾಗ ಬರುವುದು 4.06. ಆದರೆ 4.06 ಎಂಬುದನ್ನು ಒಂಟಿಯಾಗಿ ಬರೆದರೆ ಪ್ರಯೋಜನವಿಲ್ಲ. ಜೊತೆಗೆ ಸ್ವಾತಂತ್ರ್ಯದ ಮಟ್ಟಗಳು ಎಂದು ಕರೆಯುವ ಸಂಖ್ಯೆ ಬೇಕು, ಅದನ್ನು ಆವರಣದಲ್ಲಿ ಸೇರಿಸಿ t(9) = 4.06 ಎಂದು ಬರೆಯುತ್ತಾರೆ. ಹತ್ತು ಜೋಡಿಗಳಿದ್ದರೆ ಒಂದು ಕಡಿಮೆ, ಒಂಬತ್ತು.

ಬಹಳ ಮಂದಿ ಇದನ್ನು ಶಾಸ್ತ್ರಕ್ಕೆ ಬರೆಯುವ ಅಲಂಕಾರ ಎಂದುಕೊಂಡು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಆವರಣದಲ್ಲಿ ಅತಿ ಹೆಚ್ಚು ಗುಟ್ಟು ಹೇಳುವ ಸಂಖ್ಯೆ ಅದೇ. ಯಾಕೆಂದರೆ ಯಾವ ಪರೀಕ್ಷೆ ಮಾಡಿದರು ಎಂಬುದನ್ನು ಅದು ಬಿಟ್ಟುಕೊಡುತ್ತದೆ. ಒಬ್ಬರೇ ರೋಗಿ ಎರಡೂ ಔಷಧ ತೆಗೆದುಕೊಂಡಿದ್ದಾರೆ ಎಂಬುದನ್ನು ಮರೆತು, ಇಪ್ಪತ್ತು ಬೇರೆ ಬೇರೆ ಜನರಿದ್ದಾರೆ ಎಂಬಂತೆ ಲೆಕ್ಕ ಮಾಡಿದರೆ, ಇದೇ ಪಟ್ಟಿಯಿಂದ ಬರುವ ಉತ್ತರ t(17.8) = 1.86, p = 0.079. ಸರಾಸರಿ ವ್ಯತ್ಯಾಸ ಆಗಲೂ 1.58 ಗಂಟೆಯೇ, ಆದರೆ ಇಂಟರ್ವಲ್ -0.21 ರಿಂದ 3.37 ಗಂಟೆಗೆ ಹಿಗ್ಗುತ್ತದೆ. ತೀರ್ಮಾನವೇ ಮಗುಚಿಕೊಳ್ಳುತ್ತದೆ. ಹತ್ತು ಮಂದಿಗೆ ಎರಡೂ ಔಷಧ ಕೊಟ್ಟೆವು ಎಂದು ಹೇಳಿ ಆವರಣದಲ್ಲಿ 17.8 ಬರೆದ ಲೇಖನ ಕಂಡರೆ, ಪರೀಕ್ಷೆ ತಪ್ಪಿದೆ ಎಂದು ಗುಣಾಕಾರ ಭಾಗಾಕಾರ ಮಾಡದೆಯೇ ಹೇಳಬಹುದು.

ಇನ್ನೊಂದು ಉಪಯೋಗವೂ ಇದೆ. ಟಿ ಮತ್ತು ಆ ಆವರಣದ ಸಂಖ್ಯೆ ಎರಡೂ ಇದ್ದರೆ ಪಿ ಮೌಲ್ಯವನ್ನು ಯಾರು ಬೇಕಾದರೂ ಮತ್ತೆ ಲೆಕ್ಕ ಹಾಕಬಹುದು. ನೆದರ್‌ಲೆಂಡ್ಸಿನ ಮಿಶೆಲ್ ನೌಟೆನ್ ಮತ್ತು ಸಂಗಡಿಗರು ಇದೇ ಕೆಲಸವನ್ನು ತಾನಾಗಿ ಮಾಡುವ `statcheck` ಎಂಬ ಪ್ರೋಗ್ರಾಂ ಕಟ್ಟಿದರು. 1985 ರಿಂದ 2013 ರವರೆಗಿನ ಮನಶ್ಶಾಸ್ತ್ರ ಲೇಖನಗಳ ಮೇಲೆ ಅದನ್ನು ಓಡಿಸಿದಾಗ, ಇಂಥ ಪರೀಕ್ಷೆ ಬಳಸಿದ ಲೇಖನಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕನಿಷ್ಠ ಒಂದಾದರೂ ಪಿ ಮೌಲ್ಯ ಪಕ್ಕದ ಟಿ ಮೌಲ್ಯಕ್ಕೆ ಹೊಂದುತ್ತಿರಲಿಲ್ಲ. ಎಂಟರಲ್ಲಿ ಒಂದು ಲೇಖನದಲ್ಲಿ ತೀರ್ಮಾನವನ್ನೇ ಬದಲಿಸಬಹುದಾದಷ್ಟು ದೊಡ್ಡ ತಪ್ಪಿತ್ತು. ಹೆಚ್ಚಿನವು ಕೈತಪ್ಪುಗಳಿರಬಹುದು. ಪೂರ್ತಿ ಬರೆದಿದ್ದರಿಂದಲೇ ಅವು ಸಿಕ್ಕಿಬಿದ್ದವು ಎಂಬುದು ನೆನಪಿರಲಿ.

ಪಿ ಮೌಲ್ಯದ ವಿಷಯ ಚಿಕ್ಕದು. ಎರಡು ಔಷಧಗಳ ನಡುವೆ ನಿಜಕ್ಕೂ ಏನೂ ವ್ಯತ್ಯಾಸ ಇಲ್ಲ ಎಂದು ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಇಲ್ಲಿ ಸಾವಿರಕ್ಕೆ ಮೂರು. ಅದನ್ನು p = 0.003 ಎಂದೇ ಬರೆಯಬೇಕು. 'p < 0.05' ಎಂದರೆ ಇರುವ ಮಾಹಿತಿಯನ್ನು ಬೇಕೆಂದೇ ಮುಚ್ಚಿಟ್ಟಂತೆ, 0.049 ಕೂ 0.003 ಕೂ ಒಂದೇ ಮುಖವಾಡ. ಹಾಗೆಯೇ ಕೆಲವು ತಂತ್ರಾಂಶಗಳು ಸ್ಥಳ ಸಾಲದೆ 0.000 ಎಂದು ಮುದ್ರಿಸುತ್ತವೆ. ಸಂಭವ ಸೊನ್ನೆ ಎಂದು ಅದರ ಅರ್ಥವಲ್ಲ. ಅಲ್ಲಿ p < 0.001 ಎಂದು ಬರೆಯುವುದು ರೂಢಿ. ಪಿ ಚಿಕ್ಕದಾದಷ್ಟೂ ಪರಿಣಾಮ ದೊಡ್ಡದು ಎಂಬ ನಂಬಿಕೆ ಮಾತ್ರ ಹೋಗಬೇಕು. 'ಅತ್ಯಂತ ಸಿಗ್ನಿಫಿಕೆಂಟ್' ಎಂಬ ಮಾತು ಆ ನಂಬಿಕೆಯಿಂದಲೇ ಬರುತ್ತದೆ.

ನಮ್ಮ ಪ್ಯಾರಾದಲ್ಲಿ ದಾರಿ ತಪ್ಪಿಸುವ ವಾಕ್ಯ ಇದೆ ಎಂದೆನಲ್ಲ, ಅದು 'ಒಂದನೆಯ ಔಷಧವು ಯಾವುದೇ ಪರಿಣಾಮ ಬೀರುವುದಿಲ್ಲ (p = 0.218)' ಎಂಬುದು. ಲೆಕ್ಕ ಏನು ಹೇಳುತ್ತದೆ ನೋಡೋಣ. ಔಷಧವಿಲ್ಲದ ರಾತ್ರಿಗಳಿಗಿಂತ ಒಂದನೆಯ ಔಷಧದ ರಾತ್ರಿಗಳಲ್ಲಿ ಹತ್ತು ಮಂದಿ ಸರಾಸರಿ 0.75 ಗಂಟೆ, ಅಂದರೆ ಮುಕ್ಕಾಲು ಗಂಟೆ ಹೆಚ್ಚು ಮಲಗಿದ್ದಾರೆ. ಅದರ 95% ಕಾನ್ಫಿಡೆನ್ಸ್ ಇಂಟರ್ವಲ್ -0.53 ರಿಂದ 2.03 ಗಂಟೆ. ಎಂದರೆ, ಈ ಔಷಧ ನಿದ್ದೆಯನ್ನು ಅರ್ಧ ಗಂಟೆ ಕಡಿಮೆ ಮಾಡುತ್ತಿದ್ದರೂ ಈ ಅಂಕಿಗಳು ಬರಬಹುದಿತ್ತು, ಎರಡು ಗಂಟೆ ಹೆಚ್ಚು ಮಾಡುತ್ತಿದ್ದರೂ ಬರಬಹುದಿತ್ತು. ನಿದ್ದೆ ಬಾರದವರಿಗೆ ಎರಡು ಗಂಟೆ ಎಂದರೆ ಸಾಮಾನ್ಯವಲ್ಲ. ಆ ಸಾಧ್ಯತೆಯನ್ನು ತಳ್ಳಿಹಾಕಲಾಗದ ಪ್ರಯೋಗವೊಂದು 'ಪರಿಣಾಮ ಇಲ್ಲವೆಂದು ಸಾಬೀತಾಗಿದೆ' ಎನ್ನುವುದು ಹೇಗೆ? ಗೊತ್ತಾಗಲಿಲ್ಲ ಎನ್ನುವುದೇ ಸರಿ. ಪುರಾವೆ ಸಿಗದಿರುವುದು ಬೇರೆ, ಇಲ್ಲವೆಂಬುದಕ್ಕೆ ಪುರಾವೆ ಸಿಗುವುದು ಬೇರೆ. ಡಗ್ಲಸ್ ಆಲ್ಟ್‌ಮನ್ ಮತ್ತು ಮಾರ್ಟಿನ್ ಬ್ಲಾಂಡ್ 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವೈದ್ಯರಿಗಾಗಿ ಬರೆದ ಪುಟ್ಟ ಟಿಪ್ಪಣಿಯ ವಿಷಯವೂ ಇದೇ.

ಅದೇ ವಾಕ್ಯದಲ್ಲಿ ಇನ್ನೊಂದು ಗುಂಡಿ ಇದೆ. ಒಂದನೆಯದು p = 0.218, ಎರಡನೆಯದು p = 0.005, ಆದ್ದರಿಂದ ಎರಡನೆಯದು ಮೇಲು ಎಂಬ ವಾದ. ಎರಡು ಪಿ ಮೌಲ್ಯಗಳನ್ನು ಪಕ್ಕಪಕ್ಕ ಇಟ್ಟು ಔಷಧಗಳನ್ನು ಹೋಲಿಸಲಾಗುವುದಿಲ್ಲ. ಒಂದು 0.04, ಇನ್ನೊಂದು 0.06 ಬಂದಿದ್ದರೆ ಎರಡೂ ಔಷಧ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತಿದ್ದರೂ ಈ ವಾದ ಒಂದಕ್ಕೆ ಹಾರ ಹಾಕಿ ಇನ್ನೊಂದನ್ನು ಹೊರಗೆ ಕಳುಹಿಸುತ್ತಿತ್ತು. ಹೋಲಿಕೆ ಬೇಕೆಂದರೆ ವ್ಯತ್ಯಾಸವನ್ನೇ ಅಳೆಯಬೇಕು, ವ್ಯತ್ಯಾಸಕ್ಕೇ ಇಂಟರ್ವಲ್ ಕೊಡಬೇಕು. ಇಲ್ಲಿ ಅದನ್ನು ಅಳೆದಿದ್ದಾರೆ, 1.58 ಗಂಟೆ. ಅಳೆದ ಮೇಲೂ ಅದನ್ನು ಬಿಟ್ಟು ಪಿ ಮೌಲ್ಯಗಳನ್ನು ಹೋಲಿಸಿದ್ದಾರೆ, ಅದೇ ಸೋಜಿಗ.

ಪ್ಯಾರಾದ ಕೊನೆಯ ಸಂಖ್ಯೆ d = 1.28. ಎಫೆಕ್ಟ್ ಸೈಜ್ ಎಂದರೆ ಪರಿಣಾಮದ ಗಾತ್ರ, ಎಷ್ಟು ಎಂಬ ಪ್ರಶ್ನೆಗೆ ಉತ್ತರ. ಅದು ಯಾವಾಗಲೂ d ಎಂಬ ಅಕ್ಷರದಲ್ಲೇ ಇರಬೇಕಾಗಿಲ್ಲ. 1.58 ಗಂಟೆ ಎಂಬುದೇ ಪರಿಣಾಮದ ಗಾತ್ರ, ಅದೂ ಎಲ್ಲರಿಗೂ ಗೊತ್ತಿರುವ ಅಳತೆಯಲ್ಲಿ. ಅಳತೆ ಓದುಗರಿಗೆ ಪರಿಚಯವಿಲ್ಲದ್ದಾಗಿದ್ದರೆ, ಉದಾಹರಣೆಗೆ ಯಾವುದೋ ಆತಂಕದ ಪ್ರಶ್ನಾವಳಿಯ ಅಂಕಗಳಾಗಿದ್ದರೆ, ಆಗ d ಸಹಾಯಕ್ಕೆ ಬರುತ್ತದೆ. ವ್ಯತ್ಯಾಸವನ್ನು ಮಾನಕ ವಿಚಲನೆಯಿಂದ ಭಾಗಿಸಿ, ಜನರ ನಡುವಿನ ಸಹಜ ಏರಿಳಿತಕ್ಕೆ ಹೋಲಿಸಿದರೆ ಇದು ಎಷ್ಟು ದೊಡ್ಡದು ಎಂದು ಅದು ಹೇಳುತ್ತದೆ. ಜೇಕಬ್ ಕೊಹೆನ್ 0.2 ಚಿಕ್ಕದು, 0.5 ಮಧ್ಯಮ, 0.8 ದೊಡ್ಡದು ಎಂದು ಒಂದು ಒರಟು ಅಂದಾಜು ಕೊಟ್ಟಿದ್ದರು. ಬೇರೆ ಆಧಾರ ಏನೂ ಇಲ್ಲದಿದ್ದಾಗ ಮಾತ್ರ ಬಳಸಿ ಎಂಬ ಎಚ್ಚರಿಕೆಯೊಂದಿಗೇ ಕೊಟ್ಟಿದ್ದರು. ಎಚ್ಚರಿಕೆ ಕಳಚಿಬಿತ್ತು, ಮೂರು ಸಂಖ್ಯೆಗಳು ಉಳಿದವು.

ಆದರೆ ಯಾವ ಮಾನಕ ವಿಚಲನೆಯಿಂದ ಭಾಗಿಸಿದಿರಿ ಎಂದು ಕೇಳಬೇಕಾಗುತ್ತದೆ. ಹತ್ತು ವ್ಯತ್ಯಾಸಗಳ ಮಾನಕ ವಿಚಲನೆ 1.23 ರಿಂದ ಭಾಗಿಸಿದರೆ 1.28. ಎರಡು ಔಷಧಗಳಡಿ ರೋಗಿಗಳ ನಡುವೆ ಕಂಡ ಏರಿಳಿತದಿಂದ, ಅಂದರೆ ಸುಮಾರು 1.90 ರಿಂದ ಭಾಗಿಸಿದರೆ 0.83. ಒಂದೇ ಪಟ್ಟಿ, ಒಂದೇ ಹೆಸರಿನ d, ಎರಡು ಉತ್ತರ. ಎರಡೂ ತಪ್ಪಲ್ಲ. ಯಾವುದು ಎಂದು ಹೇಳದೆ d = 1.28 ಎಂದಷ್ಟೇ ಬರೆದರೆ ಬೇರೊಂದು ಅಧ್ಯಯನದ d ಜೊತೆ ಅದನ್ನು ಹೋಲಿಸಲು ಹೊರಟವರು ಮೋಸಹೋಗುತ್ತಾರೆ.

ಒಂಬತ್ತನೆಯ ರೋಗಿಯನ್ನು ನೋಡಿದರೆ ವಿಷಯ ಇನ್ನೂ ಸ್ವಾರಸ್ಯವಾಗುತ್ತದೆ. ಉಳಿದವರ ವ್ಯತ್ಯಾಸವೆಲ್ಲ ಸೊನ್ನೆಯಿಂದ 2.4 ಗಂಟೆಯೊಳಗೆ ಇದ್ದರೆ, ಈ ಒಬ್ಬರದು 4.6. ಇವರೊಬ್ಬರನ್ನು ಪಕ್ಕಕ್ಕಿಟ್ಟು ಉಳಿದ ಒಂಬತ್ತು ಮಂದಿಯ ಲೆಕ್ಕ ಹಾಕಿ ನೋಡಿದೆ. ಸರಾಸರಿ ವ್ಯತ್ಯಾಸ 1.58 ರಿಂದ 1.24 ಗಂಟೆಗೆ ಇಳಿಯಿತು. ನಿರೀಕ್ಷಿಸಿದ್ದೇ. ಆದರೆ ಟಿ ಮೌಲ್ಯ 4.06 ರಿಂದ 5.66 ಕ್ಕೆ ಏರಿತು! ಪಿ 0.001 ಕ್ಕಿಂತ ಕೆಳಗೆ ಹೋಯಿತು. ಮೊದಲ ರೀತಿಯಲ್ಲಿ ಲೆಕ್ಕ ಹಾಕಿದ d ಕೂಡ 1.28 ರಿಂದ 1.89 ಕ್ಕೆ ಜಿಗಿಯಿತು. ರೋಗಿಗಳಿಗೆ ಸಿಗುವ ನಿದ್ದೆ ಕಡಿಮೆಯಾಯಿತು, ಆವರಣದೊಳಗಿನ ಎಲ್ಲ ಸಂಖ್ಯೆಗಳೂ ಪರಿಣಾಮ ಹೆಚ್ಚಾಯಿತು ಎಂಬಂತೆ ಕುಣಿದವು. ಕಾರಣ ಸರಳ: ದೂರ ನಿಂತ ಒಬ್ಬರು ಹೋದ ಕೂಡಲೇ ಉಳಿದವರ ನಡುವಿನ ಏರಿಳಿತ 1.23 ರಿಂದ 0.66 ಕ್ಕೆ ಇಳಿಯಿತು, ಭಾಗಿಸುವ ಸಂಖ್ಯೆ ಅರ್ಧದಷ್ಟಾಯಿತು. ಟಿ, ಪಿ, d ಮಾತ್ರ ಬರೆದು ಗಂಟೆಗಳನ್ನು ಬಿಟ್ಟ ಪ್ಯಾರಾ ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹಾಗೆಂದು ಆ ರೋಗಿಯನ್ನು ಕೈಬಿಡಬೇಕಾಗಿಲ್ಲ. ಅವರನ್ನು ಸೇರಿಸಿಕೊಂಡೇ ಮುಖ್ಯ ಫಲಿತಾಂಶ ಕೊಟ್ಟು, ಬಿಟ್ಟರೆ ಏನಾಗುತ್ತದೆ ಎಂದು ಒಂದು ವಾಕ್ಯ ಸೇರಿಸಿದರೆ ಸಾಕು.

ಕಾನ್ಫಿಡೆನ್ಸ್ ಇಂಟರ್ವಲ್ ಬಗ್ಗೆ ಉಳಿದಿರುವುದು ಅದರ ಅರ್ಥ. 0.70 ರಿಂದ 2.46 ಗಂಟೆ ಎಂದರೆ ನಿಜವಾದ ವ್ಯತ್ಯಾಸ ಇದರೊಳಗೆ ಇರುವ ಸಂಭವ 95% ಎಂದು ಹಲವರು ಬರೆಯುತ್ತಾರೆ. ಅದು ಸರಿಯಲ್ಲ. ಇದೇ ರೀತಿಯ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ಪ್ರತಿ ಸಲವೂ ಇದೇ ಸೂತ್ರದಿಂದ ಇಂಟರ್ವಲ್ ಕಟ್ಟಿದರೆ, ಅವುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು ನಿಜವಾದ ಸಂಖ್ಯೆಯನ್ನು ಒಳಗೊಂಡಿರುತ್ತವೆ. 95 ಎಂಬುದು ವಿಧಾನದ ಗುಣ, ಕೈಯಲ್ಲಿರುವ ಈ ಒಂದು ಇಂಟರ್ವಲ್ಲಿನದಲ್ಲ. ಫಲಿತಾಂಶದ ಪ್ಯಾರಾದಲ್ಲಿ ಇದನ್ನೆಲ್ಲ ವಿವರಿಸುತ್ತ ಕೂರಬೇಕಾಗಿಲ್ಲ. ಎರಡು ತುದಿಗಳನ್ನು ವಿಷಯದ ಭಾಷೆಯಲ್ಲಿ ಓದಿ ಹೇಳಿದರೆ ಆಯಿತು: ಈ ಅಂಕಿಗಳು ಮುಕ್ಕಾಲು ಗಂಟೆಗೆ ತುಸು ಕಡಿಮೆ ಲಾಭಕ್ಕೂ ಹೊಂದುತ್ತವೆ, ಸುಮಾರು ಎರಡೂವರೆ ಗಂಟೆಯ ಲಾಭಕ್ಕೂ ಹೊಂದುತ್ತವೆ. ಎರಡನೆಯ ಔಷಧ ಮೇಲು ಎಂಬುದರಲ್ಲಿ ಅನುಮಾನ ಕಡಿಮೆ, ಎಷ್ಟು ಮೇಲು ಎಂಬುದರಲ್ಲಿ ಅನುಮಾನ ಬಹಳ. ಹತ್ತು ಮಂದಿಯಿಂದ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ.

ಸ್ಟೂಡೆಂಟ್ ತಾನೇ ಇದನ್ನು ಹೇಗೆ ಬರೆದಿದ್ದರು ಗೊತ್ತೆ? ಎರಡನೆಯ ಔಷಧವೇ ಮೇಲು ಎಂಬುದರ ಸಂಭವ 0.9985, ಪಂದ್ಯದ ಭಾಷೆಯಲ್ಲಿ ಹೇಳಿದರೆ ಸುಮಾರು 666 ಕ್ಕೆ 1 ಎಂದು. ಕಾನ್ಫಿಡೆನ್ಸ್ ಇಂಟರ್ವಲ್ ಎಂಬ ಕಲ್ಪನೆಯನ್ನು ಜೆರ್ಜಿ ನೇಮನ್ ಕಟ್ಟಿದ್ದು 1930ರ ದಶಕದಲ್ಲಿ. ಹಾಗಾಗಿ ಸ್ಟೂಡೆಂಟ್‌ಗೆ ಆ ಸಾಧನ ಇರಲಿಲ್ಲ. ನಮಗಿದೆ.

ಈಗ ಪ್ಯಾರಾವನ್ನು ಮತ್ತೆ ಕಟ್ಟೋಣ.

"ಎರಡನೆಯ ಔಷಧ ತೆಗೆದುಕೊಂಡ ರಾತ್ರಿಗಳಲ್ಲಿ ಹತ್ತು ರೋಗಿಗಳು ಒಂದನೆಯ ಔಷಧದ ರಾತ್ರಿಗಳಿಗಿಂತ ಸರಾಸರಿ 1.58 ಗಂಟೆ ಹೆಚ್ಚು ಮಲಗಿದರು (95% ಕಾನ್ಫಿಡೆನ್ಸ್ ಇಂಟರ್ವಲ್ 0.70 ರಿಂದ 2.46 ಗಂಟೆ; ಪೇರ್ಡ್ ಟಿ-ಟೆಸ್ಟ್, t(9) = 4.06, p = 0.003). ಒಂಬತ್ತು ರೋಗಿಗಳಿಗೆ ಎರಡನೆಯ ಔಷಧದಿಂದ ಹೆಚ್ಚು ನಿದ್ದೆ ಬಂತು, ಒಬ್ಬರಿಗೆ ವ್ಯತ್ಯಾಸ ಇರಲಿಲ್ಲ. ಒಬ್ಬ ರೋಗಿಯಲ್ಲಿ ಮಾತ್ರ ವ್ಯತ್ಯಾಸ 4.6 ಗಂಟೆಯಷ್ಟಿತ್ತು. ಅವರನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ ಲಾಭ 1.24 ಗಂಟೆ (0.74 ರಿಂದ 1.75). ಔಷಧವಿಲ್ಲದ ರಾತ್ರಿಗಳಿಗೆ ಹೋಲಿಸಿದರೆ ಎರಡನೆಯ ಔಷಧದಿಂದ ನಿದ್ದೆ ಸರಾಸರಿ 2.33 ಗಂಟೆ ಹೆಚ್ಚಿತು (0.90 ರಿಂದ 3.76), ಒಂದನೆಯದರಿಂದ 0.75 ಗಂಟೆ ಹೆಚ್ಚಿತು (-0.53 ರಿಂದ 2.03). ಒಂದನೆಯ ಔಷಧದಿಂದ ಉಪಯೋಗ ಇದೆಯೋ ಇಲ್ಲವೋ ಎಂದು ಈ ಅಂಕಿಗಳಿಂದ ಹೇಳಲಾಗದು."

ಹಳೆಯದಕ್ಕಿಂತ ಇದು ಉದ್ದವಾಗಿದೆ, ನಿಜ. d ಹೊರಟುಹೋಯಿತು, ಗಂಟೆ ಇರುವಾಗ ಅದರ ಅಗತ್ಯ ಕಾಣಲಿಲ್ಲ. ಪತ್ರಿಕೆಯ ನಿಯಮ ಕೇಳಿದರೆ 'ವ್ಯತ್ಯಾಸಗಳ ಮಾನಕ ವಿಚಲನೆಯಿಂದ ಭಾಗಿಸಿದ d = 1.28' ಎಂದು ಮೊದಲ ಆವರಣದ ಕೊನೆಗೆ ಸೇರಿಸಬಹುದು. ಔಷಧವಿಲ್ಲದ ರಾತ್ರಿಗಳ ಹೋಲಿಕೆಯಲ್ಲಿ ಟಿ, ಪಿ ಮೌಲ್ಯಗಳನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಇಂಟರ್ವಲ್ ಸೊನ್ನೆಯನ್ನು ಒಳಗೊಂಡಿದೆಯೇ ಇಲ್ಲವೇ ಎಂಬುದರಿಂದಲೇ ಅದು ಗೊತ್ತಾಗುತ್ತದೆ, ಮೇಲಾಗಿ ಎಷ್ಟು ಎಂಬುದೂ ಗೊತ್ತಾಗುತ್ತದೆ. ಎಲ್ಲ ಸಂಖ್ಯೆಯೂ ಬೇಕೆನ್ನುವವರಿಗೆ ಪಕ್ಕದಲ್ಲಿ ಒಂದು ಪಟ್ಟಿ ಕೊಡುವುದು ವಾಸಿ. ಹತ್ತಾರು ಹೋಲಿಕೆಗಳಿರುವ ಪ್ರಬಂಧದಲ್ಲಂತೂ ಪ್ಯಾರಾದಲ್ಲಿ ಮುಖ್ಯವಾದ ಎರಡು ಮೂರನ್ನು ಮಾತ್ರ ಇಟ್ಟು ಉಳಿದದ್ದನ್ನು ಪಟ್ಟಿಗೆ ಕಳುಹಿಸಲೇಬೇಕು.

ಇಷ್ಟೆಲ್ಲ ಲೆಕ್ಕ ಇವತ್ತು ನಾವು ಮಾಡಲು ಸಾಧ್ಯವಾದದ್ದು ಯಾಕೆಂದರೆ, 1908ರ ಆ ಲೇಖನದಲ್ಲಿ ಸ್ಟೂಡೆಂಟ್ ಹತ್ತು ರೋಗಿಗಳ ಸಂಖ್ಯೆಗಳನ್ನೂ ಒಂದೊಂದಾಗಿ ಅಚ್ಚು ಹಾಕಿಸಿದ್ದರು. ಔಷಧಗಳ ಹೆಸರನ್ನು ಅವರು ತಪ್ಪಾಗಿ ಬರೆದಿದ್ದರು ಎಂಬುದೂ ಆ ಪಟ್ಟಿಯನ್ನು ಕುಶ್ನಿ ಮತ್ತು ಪೀಬಲ್ಸ್ ಅವರ ಮೂಲ ಪಟ್ಟಿಯೊಂದಿಗೆ ಇಟ್ಟು ನೋಡಿದವರಿಗೆ ಗೊತ್ತಾಯಿತು. ನಾನು ಇಲ್ಲಿ ಒಂದನೆಯದು, ಎರಡನೆಯದು ಎಂದಷ್ಟೇ ಬರೆದದ್ದೂ ಅದಕ್ಕೇ. ಪ್ರಬಂಧ ಬರೆಯುತ್ತಿರುವವರಲ್ಲಿ ಒಂದು ಕೋರಿಕೆ: ಪ್ಯಾರಾ ತಿದ್ದಿ ಮುಗಿದ ಮೇಲೆ, ಜನರ ಗುರುತು ಸಿಗದ ಹಾಗೆ ಮಾಡಿ, ನಿಮ್ಮ ಮೂಲ ಅಂಕಿಗಳ ಪಟ್ಟಿಯನ್ನೂ ಅನುಬಂಧದಲ್ಲಿ ಸೇರಿಸಿಬಿಡಿ.